ನಾನ್‌ಗೆ ತವಾ, ಕುಲ್ಚಾಗೆ ಒವನ್: ಬಿಸಿ ಸರಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಹೋಟೆಲ್‌ನ ತಂದೂರಿನಲ್ಲಿ ಒಂದು ನಾನ್ ಇರುವುದು ಒಂದರಿಂದ ಒಂದೂವರೆ ನಿಮಿಷ, ಅಷ್ಟೇ. ಅದೇ ಹಿಟ್ಟು ಮನೆಯ ಒವನ್‌ನಲ್ಲಿ ಎಂಟು ನಿಮಿಷ ಕೂತರೆ ಹೊರಗೆ ಬರುವುದು ಬಿಳಿಚಿದ, ಒಣಕಲು ರೊಟ್ಟಿ. ಮೈದಾ ಬದಲಾಯಿಸಿದರೂ, ಮೊಸರು ಜಾಸ್ತಿ ಹಾಕಿದರೂ, ಹಾಲಿನಲ್ಲಿ ಕಲಸಿದರೂ ಈ ಒಣಕಲು ಪೂರ್ತಿ ಹೋಗುವುದಿಲ್ಲ. ತೊಂದರೆ ಇರುವುದು ಹಿಟ್ಟಿನಲ್ಲಲ್ಲ, ಬೇಯುವ ಹೊತ್ತಿನಲ್ಲಿ.

ನಾನ್ ಮೇಲೆ ಕಂದು ಚುಕ್ಕೆ ಬೀಳಬೇಕಾದರೆ ಆ ಜಾಗದ ಬಿಸಿ 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಿಟ್ಟಿನಲ್ಲಿ ನೀರಿರುವ ತನಕ ಅದು 100 ಡಿಗ್ರಿ ದಾಟುವುದೇ ಇಲ್ಲ. ಅಂದರೆ ಮೇಲ್ಪದರದ ನೀರು ಆರಿದ ಮೇಲಷ್ಟೇ ಬಣ್ಣ ಬರುತ್ತದೆ. ಬಿಸಿ ಜೋರಾಗಿದ್ದರೆ ಕೂದಲೆಳೆಯಷ್ಟು ತೆಳುವಾದ ಮೇಲ್ಪದರ ಮಾತ್ರ ಬೇಗ ಆರಿ ಕೆಂಪಾಗುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ. ಬಿಸಿ ಸಾಲದಿದ್ದರೆ ಮೇಲೆ ಬಣ್ಣ ಬರುವಷ್ಟರಲ್ಲಿ ಒಳಗೂ ಆರಿಹೋಗಿರುತ್ತದೆ. ಹಾಗಾಗಿ ಮನೆಯಲ್ಲಿ ನಾವು ಹಿಡಿಯಬೇಕಾದ ಗುರಿ ಒಂದೇ: ನಾನ್ ಎರಡು ನಿಮಿಷದ ಆಸುಪಾಸಿನಲ್ಲಿ ಬೇಯಬೇಕು, ಕೆಳಗಡೆ ಮತ್ತು ಮೇಲ್ಗಡೆ ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಆಗಬೇಕು.

ಈ ಎರಡನೇ ಮಾತೇ ಕಷ್ಟದ್ದು. ತಂದೂರಿನಲ್ಲಿ ನಾನ್‌ನ ಬೆನ್ನು ಕಾದ ಮಣ್ಣಿನ ಗೋಡೆಗೆ ಅಂಟಿರುತ್ತದೆ. ಮುಖ ಕೆಂಡದ ಕಡೆಗಿರುತ್ತದೆ. ಸುತ್ತಲೂ ಬಿಸಿಗಾಳಿ ಬೇರೆ. ಮೂರು ಕಡೆಯಿಂದಲೂ ಬಿಸಿ ಒಟ್ಟಿಗೆ ಹೊಡೆಯುತ್ತದೆ. ಅಲ್ಲದೆ ಮಣ್ಣು ಕಬ್ಬಿಣದ ಹಾಗೆ ಬಿಸಿಯನ್ನು ಒಮ್ಮೆಲೇ ಹಿಟ್ಟಿಗೆ ದಾಟಿಸುವುದಿಲ್ಲ, ತಡೆದು ತಡೆದು ಕೊಡುತ್ತದೆ. ಅದಕ್ಕೇ ಅಷ್ಟು ಬಿಸಿಯಲ್ಲೂ ಬೆನ್ನು ಕರಗಟ್ಟುವುದಿಲ್ಲ.

ಮನೆಯಲ್ಲಿ ನಮ್ಮ ಹತ್ತಿರ ಇರುವುದು ಇದರ ಅರ್ಧರ್ಧ ಮಾತ್ರ. ಒಲೆಯ ಮೇಲಿನ ತವಾ ಕೆಳಗಿನಿಂದ ಭರ್ಜರಿ ಬಿಸಿ ಕೊಡುತ್ತದೆ, ಮೇಲಿನಿಂದ ಏನೂ ಇಲ್ಲ. ಒವನ್‌ನಲ್ಲಿ ಮೇಲಿನ ಕಾಯಿಲ್‌ನಿಂದ ಬಿಸಿ ಇಳಿಯುತ್ತದೆ, ಸುತ್ತ ಬಿಸಿಗಾಳಿಯೂ ಇರುತ್ತದೆ. ಆದರೆ ತೆಳು ಅಲ್ಯೂಮಿನಿಯಂ ಟ್ರೇ ಮೇಲಿಟ್ಟರೆ ನಾನ್‌ನ ಬೆನ್ನಿಗೆ ಸರಿಯಾದ ಕಾವೇ ಸಿಗುವುದಿಲ್ಲ. ತವಾದಲ್ಲಿ ಮೇಲಿನ ಬಿಸಿಯನ್ನು ಎಲ್ಲಿಂದ ತರುವುದು, ಒವನ್‌ನಲ್ಲಿ ಕೆಳಗಿನ ಬಿಸಿಯನ್ನು ಎಲ್ಲಿಂದ ತರುವುದು? ಎರಡು ವಿಧಾನಗಳೂ ಈ ಪ್ರಶ್ನೆಗೆ ಉತ್ತರಗಳು.

ಮೊದಲು ಹಿಟ್ಟು

ಹಿಟ್ಟಿನ ಬಗ್ಗೆ ಬೇಕಾದಷ್ಟು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಆರು ನಾನ್‌ಗೆ 300 ಗ್ರಾಂ ಮೈದಾ, 75 ಗ್ರಾಂ ಮೊಸರು, ಸುಮಾರು 120 ಮಿಲಿ ನೀರು, ಒಂದು ಚಮಚ ಉಪ್ಪು, ಒಂದೂವರೆ ಚಮಚ ಸಕ್ಕರೆ, ಒಂದು ಚಮಚ ಇನ್‌ಸ್ಟಂಟ್ ಈಸ್ಟ್, ಒಂದು ದೊಡ್ಡ ಚಮಚ ಎಣ್ಣೆ. ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು. ಮುಟ್ಟಿದರೆ ಬೆರಳಿಗೆ ಸ್ವಲ್ಪ ಹತ್ತಬೇಕು, ಆದರೆ ಬಿಟ್ಟು ಬರಬೇಕು. ಎಂಟು ನಿಮಿಷ ನಾದಿ, ಎರಡರಷ್ಟು ಉಬ್ಬುವ ತನಕ ಮುಚ್ಚಿಡಿ. ಬೆಂಗಳೂರಿನ ಹವೆಯಲ್ಲಿ ಒಂದೂವರೆ ಗಂಟೆ ಬೇಕಾಗಬಹುದು, ಮಂಗಳೂರಿನ ಸೆಕೆಯಲ್ಲಿ ಮುಕ್ಕಾಲು ಗಂಟೆಗೇ ಆಗಿಬಿಡಬಹುದು. ಆಮೇಲೆ ಆರು ಉಂಡೆ ಮಾಡಿ, ಮತ್ತೆ ಕಾಲು ಗಂಟೆ ಬಿಡಿ. ಉಂಡೆ ಸುಧಾರಿಸಿಕೊಳ್ಳದಿದ್ದರೆ ಲಟ್ಟಿಸುವಾಗ ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತದೆ.

ಸಕ್ಕರೆಗೂ ಬಿಸಿಗೂ ಒಂದು ಲೆಕ್ಕ ಇದೆ. ಸಕ್ಕರೆ, ಹಾಲು, ಮೊಸರು ಎಲ್ಲವೂ ಬಣ್ಣ ಬೇಗ ತರಿಸುತ್ತವೆ. ಮನೆಯ ಒವನ್‌ನ 250 ಡಿಗ್ರಿಯಲ್ಲಿ ಇದು ಉಪಕಾರವೇ, ಏಕೆಂದರೆ ಅಲ್ಲಿ ಬಣ್ಣ ಬರುವುದೇ ಕಷ್ಟ. 400 ಡಿಗ್ರಿ ದಾಟುವ ಪಿಜ್ಜಾ ಒವನ್‌ನಲ್ಲಿ ಇದೇ ಸಕ್ಕರೆ ಒಳಗೆ ಬೇಯುವ ಮೊದಲೇ ಕರಟುತ್ತದೆ. ಇಟಲಿಯ ನೇಪಲ್ಸ್‌ನ ಸಾಂಪ್ರದಾಯಿಕ ಪಿಜ್ಜಾ ಹಿಟ್ಟಿಗೆ ಸಕ್ಕರೆ ಹಾಕುವುದೇ ಇಲ್ಲ. ಅಲ್ಲಿನ ಒವನ್‌ಗೆ ಅದರ ಸಹಾಯ ಬೇಕಿಲ್ಲ. ಅಡುಗೆ ಸೋಡಾ ಹಾಕುವವರಿಗೂ ಇದೇ ಮಾತು. ಸೋಡಾ ಬಣ್ಣವನ್ನು ಇನ್ನೂ ಬೇಗ ತರುತ್ತದೆ, ಜಾಸ್ತಿಯಾದರೆ ಹಳದಿ ಚುಕ್ಕೆ ಬಿದ್ದು ಸಾಬೂನಿನ ರುಚಿ ಬರುತ್ತದೆ.

ತವಾ: ಅಂಟಿಸಿ, ಮಗುಚಿ ಹಿಡಿಯುವುದು

ತವಾ ವಿಧಾನದ ಗುಟ್ಟು ಇಷ್ಟೇ. ನಾನ್‌ನ ಒಂದು ಬದಿಗೆ ನೀರು ಹಚ್ಚಿ ಕಾದ ಕಬ್ಬಿಣಕ್ಕೆ ಅಂಟಿಸುತ್ತೇವೆ. ಬೆನ್ನು ಬೆಂದ ಮೇಲೆ ತವಾವನ್ನೇ ತಲೆಕೆಳಗು ಮಾಡಿ ಉರಿಗೆ ಹಿಡಿಯುತ್ತೇವೆ. ಆಗ ತವಾ ತಂದೂರಿನ ಗೋಡೆಯ ಕೆಲಸ ಮಾಡುತ್ತದೆ, ಗ್ಯಾಸ್ ಉರಿ ಕೆಂಡದ ಕೆಲಸ ಮಾಡುತ್ತದೆ.

ಎಲ್ಲಾ ತವಾ ಇದಕ್ಕೆ ಆಗುವುದಿಲ್ಲ. ನಾನ್‌ಸ್ಟಿಕ್ ಅಂತೂ ಬೇಡವೇ ಬೇಡ. ಅದಕ್ಕೆ ಹಿಟ್ಟು ಅಂಟುವುದಿಲ್ಲ, ಮಗುಚಿದ ಕೂಡಲೇ ನಾನ್ ನೇರ ಬರ್ನರ್ ಮೇಲೆ ಬೀಳುತ್ತದೆ. ಜೊತೆಗೆ ಆ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ, ಖಾಲಿ ತವಾ ಜೋರು ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಆ ಬಿಸಿ ಮುಟ್ಟುತ್ತದೆ. ದಪ್ಪ ಬೀಡಿನ ಕಾವಲಿ ಬಿಸಿ ಹಿಡಿದಿಡುವುದರಲ್ಲಿ ಎತ್ತಿದ ಕೈ, ಆದರೆ ಎರಡು ಕಿಲೋ ಭಾರದ ಕಾವಲಿಯನ್ನು ಒಂದೇ ಕೈಯಲ್ಲಿ ಉರಿಯ ಮೇಲೆ ತಲೆಕೆಳಗಾಗಿ ಹಿಡಿದು ಅರ್ಧ ನಿಮಿಷ ನಿಲ್ಲುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನನ್ನ ಆಯ್ಕೆ ಮೂರ್ನಾಲ್ಕು ಮಿಲಿಮೀಟರ್ ದಪ್ಪದ, ಉದ್ದ ಹಿಡಿಯ ಕಬ್ಬಿಣದ ಚಪಾತಿ ತವಾ. ಹಿಡಿ ಗಟ್ಟಿಯಾಗಿ ಕೂತಿದೆಯಾ ಅಂತ ಮೊದಲೇ ಅಲ್ಲಾಡಿಸಿ ನೋಡಿ. ದೋಸೆ ಹುಯ್ಯುವ ಕಾವಲಿಯನ್ನು ಇದಕ್ಕೆ ತರಬೇಡಿ. ಅದರ ಮೈಯಲ್ಲಿ ಎಣ್ಣೆ ಕೂತಿರುತ್ತದೆ, ಅದು ಹಿಟ್ಟನ್ನು ಹಿಡಿಯುವುದಿಲ್ಲ. ಒಂದೇ ತವಾ ಇದ್ದರೆ ಸಾಬೂನು ನೀರಿನಲ್ಲಿ ಜಿಡ್ಡು ತೆಗೆದು, ಒರೆಸಿ, ಕಾಯಿಸಿ.

ಈಗ ಬಿಸಿಯ ಗುರುತು. ಮಧ್ಯಮಕ್ಕಿಂತ ಸ್ವಲ್ಪ ಜೋರು ಉರಿಯಲ್ಲಿ ತವಾ ನಾಲ್ಕೈದು ನಿಮಿಷ ಕಾಯಲಿ. ಬೆರಳದ್ದಿ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಬಿದ್ದಲ್ಲೇ ಹರಡಿ, ಚುರ್ ಅಂತ ಸದ್ದು ಮಾಡಿ ಆರಿದರೆ ತವಾ ಇನ್ನೂ 150 ಡಿಗ್ರಿಯ ಆಸುಪಾಸಿನಲ್ಲಿದೆ. ಚಪಾತಿಗೆ ಇನ್ನೂ ಸ್ವಲ್ಪ ಬೇಕು, ನಾನ್‌ಗಂತೂ ಏನೇನೂ ಸಾಲದು. ಹನಿ ಗುಂಡಗಾಗಿ ಮಣಿಯ ಹಾಗೆ ಆ ಕಡೆ ಈ ಕಡೆ ಓಡಿದರೆ 200 ದಾಟಿದೆ. ಹನಿಯ ಅಡಿಯಲ್ಲೇ ಆವಿಯ ಪದರ ಎದ್ದು ಅದನ್ನು ಎತ್ತಿಹಿಡಿಯುವುದರಿಂದ ಹೀಗಾಗುತ್ತದೆ.

ನೀರಿನ ಪರೀಕ್ಷೆಗೆ ಒಂದು ಮಿತಿ ಇದೆ. ಸಾಕಷ್ಟು ಬಿಸಿಯಾಗಿದೆ ಅಂತ ಅದು ಹೇಳುತ್ತದೆ. ಅತಿಯಾಗಿದೆ ಅಂತ ಹೇಳುವುದಿಲ್ಲ. 220ರಲ್ಲೂ ಮಣಿ ಓಡುತ್ತದೆ, 300ರಲ್ಲೂ ಓಡುತ್ತದೆ. ಅದಕ್ಕೆ ಮೈದಾ ಪರೀಕ್ಷೆ ಬೇಕು. ನೀರೆಲ್ಲ ಆರಿದ ಮೇಲೆ ಒಂದು ಚಿಟಿಕೆ ಒಣ ಮೈದಾ ತವಾದ ನಡುವೆ ತೆಳುವಾಗಿ ಉದುರಿಸಿ, ಮನಸ್ಸಿನಲ್ಲೇ ಎಣಿಸಿ. ಹತ್ತು ಹದಿನೈದು ಎಣಿಸುವಷ್ಟರಲ್ಲಿ ಬಿಸ್ಕತ್ತಿನ ಬಣ್ಣಕ್ಕೆ ಬಂದು ಹುರಿದ ಘಮ ಎದ್ದರೆ ಸರಿಯಾಗಿದೆ. ಮೂರ್ನಾಲ್ಕು ಎಣಿಸುವುದರೊಳಗೆ ಕಪ್ಪಾಗಿ ಹೊಗೆ ಬಂದರೆ ಜಾಸ್ತಿಯಾಗಿದೆ, ಉರಿ ಸಣ್ಣ ಮಾಡಿ ಒಂದು ನಿಮಿಷ ಬಿಡಿ. ಮೂವತ್ತು ಎಣಿಸಿದರೂ ಬಿಳಿಯೇ ಇದ್ದರೆ ಇನ್ನೂ ಕಾಯಬೇಕು. ಪರೀಕ್ಷೆ ಮುಗಿದ ಮೇಲೆ ಆ ಮೈದಾವನ್ನು ಒಣ ಬಟ್ಟೆಯಿಂದ ಒರೆಸಿಬಿಡಿ. ಬಿಟ್ಟರೆ ಅದೇ ಕರಟಿ ಮುಂದಿನ ನಾನ್‌ಗೆ ಕಹಿ ಅಂಟಿಸುತ್ತದೆ.

ಲೇಸರ್ ಬಿಂದು ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರು ಕಪ್ಪು ಕಬ್ಬಿಣದ ಮೇಲೆ ಅದನ್ನು ನಂಬಬಹುದು, 220ರಿಂದ 240 ತೋರಿಸಿದರೆ ಸಾಕು. ಥಳಥಳ ಹೊಳೆಯುವ ಸ್ಟೀಲ್ ಮೇಲೆ ಮಾತ್ರ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ.

ತವಾ ಹದವಾಗಿ ಕಾದಿದೆ ಅಂದುಕೊಳ್ಳಿ. ಉಂಡೆಯನ್ನು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಒಂದು ಬದಿ ಹಿಡಿದು ಸ್ವಲ್ಪ ಎಳೆದರೆ ನಾನ್‌ನ ಆಕಾರ ಬರುತ್ತದೆ. ಮೇಲ್ಗಡೆಗೆ ಕಲೋಂಜಿಯೋ ಎಳ್ಳೋ ಒತ್ತಿ, ಅಂಗೈ ಮೇಲೆ ಬೋರಲು ಹಾಕಿಕೊಳ್ಳಿ. ಈಗ ಕಾಣುವ ಬದಿಯಲ್ಲಿ ಉಳಿದ ಒಣಹಿಟ್ಟನ್ನು ಕೊಡವಿ. ಅಂಟದೇ ಬೀಳುವ ನಾನ್‌ಗಳಲ್ಲಿ ಹೆಚ್ಚಿನವು ಬೀಳುವುದು ಈ ಒಣಹಿಟ್ಟಿನಿಂದಲೇ. ಕೈ ಒದ್ದೆ ಮಾಡಿಕೊಂಡು ಅಂಚಿನ ತನಕ ಸವರಿ. ಮೈ ಮಿರಮಿರ ಹೊಳೆಯುವಷ್ಟು ನೀರು ಸಾಕು. ನೀರು ತೊಟ್ಟಿಕ್ಕುವಂತಿದ್ದರೆ ತವಾ ಒಮ್ಮೆಲೇ ತಣ್ಣಗಾಗಿ ನಾನ್ ಬೇಯುವ ಬದಲು ಹಬೆಯಲ್ಲಿ ಕೂರುತ್ತದೆ.

ನಮ್ಮ ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೂ ನೀರು ಸವರುತ್ತಾರೆ, ಆದರೆ ಅಲ್ಲಿ ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ. ಇಲ್ಲಿ ನೀರಿನ ಬದಿ ಕೆಳಗೆ ಹೋಗಬೇಕು. ನೀರು ತಾಗಿದ ಪಿಷ್ಟ ಬಿಸಿಗೆ ಗಂಜಿಯಾಗಿ ಅಂಟಿನ ಕೆಲಸ ಮಾಡುತ್ತದೆ. ಅದೇ ಪದರ ಆರಿ ಕೆಂಪಾದ ಮೇಲೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ಒದ್ದೆ ಬದಿ ಕೆಳಗಾಗುವಂತೆ ತವಾಕ್ಕೆ ಹಾಕಿ, ಅಂಚನ್ನು ಬಟ್ಟೆಯಿಂದ ಬೇಗ ಒತ್ತಿ. ಹಾಕಿದಾಗ ಚುಂಯ್ ಅಂತ ಜೋರು ಸದ್ದು ಕೇಳಬೇಕು. ಹದಿನೈದು ಇಪ್ಪತ್ತು ಸೆಕೆಂಡಿಗೆ ಮೊದಲ ಗುಳ್ಳೆ ಏಳುತ್ತದೆ. ಒಳಗಿನ ಈಸ್ಟ್ ಗಾಳಿ ಹಿಗ್ಗುವುದರ ಜೊತೆಗೆ ಹಿಟ್ಟಿನ ನೀರು ಆವಿಯಾಗಿ ಒತ್ತುವುದರಿಂದ ಅದು ಉಬ್ಬುತ್ತದೆ. ನಲವತ್ತು ಸೆಕೆಂಡಾದರೂ ಗುಳ್ಳೆ ಇಲ್ಲವೆಂದರೆ ತವಾ ತಣ್ಣಗಿತ್ತು. ಗುಳ್ಳೆ ಏಳುವ ಮೊದಲೇ ಸುಟ್ಟ ವಾಸನೆ ಬಂದರೆ ಅತಿ ಬಿಸಿ ಇತ್ತು.

ಮಗುಚುವ ಗಳಿಗೆಯನ್ನು ಗಡಿಯಾರಕ್ಕಿಂತ ನಾನ್‌ನ ಮೈ ಚೆನ್ನಾಗಿ ಹೇಳುತ್ತದೆ. ಹಸಿ ಹಿಟ್ಟಿಗೆ ಒಂದು ತೇವದ ಹೊಳಪಿರುತ್ತದೆ. ಕೆಳಗಿನಿಂದ ಬಿಸಿ ಏರುತ್ತಾ ಬಂದಂತೆ ಆ ಹೊಳಪು ಅಂಚಿನಿಂದ ನಡುವಿಗೆ ಮಾಯವಾಗುತ್ತದೆ, ಬಣ್ಣ ಕೊಂಚ ಮಾಸಲಾಗುತ್ತದೆ. ನಡುವೆ ಮಾತ್ರ ಇನ್ನೂ ಸ್ವಲ್ಪ ಹಸಿ ಉಳಿದಿರುವಾಗ ಮಗುಚಬೇಕು. ಸಾಮಾನ್ಯವಾಗಿ ಇದು ಐವತ್ತು ಸೆಕೆಂಡಿನಿಂದ ಒಂದು ನಿಮಿಷಕ್ಕೆ ಬರುತ್ತದೆ. ಪೂರ್ತಿ ಮಾಸುವ ತನಕ ಕಾದರೆ ಬೆನ್ನು ಆಗಲೇ ಬಿಟ್ಟುಕೊಂಡಿರುತ್ತದೆ, ಮಗುಚಿದರೆ ನಾನ್ ಕೆಳಗೆ ಬೀಳುತ್ತದೆ.

ಉರಿ ಜೋರು ಮಾಡಿ, ತವಾ ತಿರುಗಿಸಿ, ಉರಿಯಿಂದ ಮೂರ್ನಾಲ್ಕು ಬೆರಳಗಲ ಮೇಲೆ ಹಿಡಿಯಿರಿ. ಸುಮ್ನೆ ಒಂದೇ ಕಡೆ ಹಿಡಿದು ನಿಲ್ಲಬೇಡಿ, ನಿಧಾನಕ್ಕೆ ಸುತ್ತಿಸುತ್ತಾ ಅಂಚಿಗೂ ಉರಿ ತಾಗಿಸಿ. ಕಾಣುವುದಿಲ್ಲವಲ್ಲ, ಹೇಗೆ ತಿಳಿಯುವುದು? ಹತ್ತು ಸೆಕೆಂಡಿಗೊಮ್ಮೆ ತವಾ ವಾಲಿಸಿ ಇಣುಕಬೇಕು. ಉಬ್ಬಿದ ಗುಳ್ಳೆಗಳ ನೆತ್ತಿ ಕಂದು ಕಪ್ಪಾಗಿ, ನಡುವಿನ ತಗ್ಗು ಬೆಳ್ಳಗೆ ಉಳಿದು, ಹಸಿ ಹೊಳಪು ಎಲ್ಲೂ ಇಲ್ಲದಿದ್ದರೆ ಮುಗಿಯಿತು. ಮೂವತ್ತರಿಂದ ನಲವತ್ತೈದು ಸೆಕೆಂಡಿನ ಕೆಲಸ. ತವಾ ಕೆಳಗಿಟ್ಟು, ಚೂಪು ಅಂಚಿನ ಸಟ್ಟುಗದಿಂದ ಎಬ್ಬಿಸಿದರೆ ಬೆನ್ನು ಚಿನ್ನದ ಬಣ್ಣದಲ್ಲಿ ಒಂದೇ ಸಮನಾಗಿ ಬಿಟ್ಟು ಬರುತ್ತದೆ. ಎಳೆದರೂ ಬರದೆ ಹರಿದರೆ ಬೆನ್ನು ಇನ್ನೂ ಬೆಂದಿಲ್ಲ, ಹದಿನೈದು ಸೆಕೆಂಡು ನೇರವಾಗಿ ಒಲೆಯ ಮೇಲಿಡಿ. ಈ ಕೆಲಸಕ್ಕೆ ನಿಲ್ಲುವಾಗ ಸೆರಗು, ದುಪಟ್ಟಾ, ತುಂಬುತೋಳು ಒಲೆಯಿಂದ ದೂರ ಇರಲಿ.

ಮೊದಲ ನಾನ್ ಚೆನ್ನಾಗಿ ಬಂದು ಮೂರನೆಯದು ಕೆಡುವುದು ತೀರಾ ಸಾಮಾನ್ಯ. ಕಾರಣ ಹೀಗಿದೆ. ತವಾ ತಲೆಕೆಳಗಿದ್ದಾಗ ಉರಿಯ ಬಿಸಿಯನ್ನು ನಾನ್ ತಡೆಯುತ್ತದೆ, ಕಬ್ಬಿಣಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಆ ಮುಕ್ಕಾಲು ನಿಮಿಷ ಬೆನ್ನು ಬೇಯುವುದು ಕಬ್ಬಿಣದಲ್ಲಿ ಉಳಿದ ಬಿಸಿಯಿಂದ. ಹಾಗಾಗಿ ತೆಳು ತವಾ ಪ್ರತಿ ನಾನ್‌ಗೂ ಒಮ್ಮೆ ತಣಿಯುತ್ತದೆ. ಅದರ ಮೇಲೆ ತಕ್ಷಣ ಇನ್ನೊಂದು ಹಾಕಿದರೆ ಅಂಟುವುದಿಲ್ಲ. ಇನ್ನು ಕೆಲವರು ಮುಂದಿನದನ್ನು ಲಟ್ಟಿಸುವ ತನಕ ಖಾಲಿ ತವಾವನ್ನು ಜೋರು ಉರಿಯಲ್ಲೇ ಬಿಟ್ಟಿರುತ್ತಾರೆ, ಆಗ ಮಿತಿಮೀರಿ ಕಾಯುತ್ತದೆ. ಎರಡಕ್ಕೂ ಮದ್ದು ಒಂದೇ. ಎಲ್ಲವನ್ನೂ ಮೊದಲೇ ಲಟ್ಟಿಸಿ ಬಟ್ಟೆ ಮುಚ್ಚಿಡಿ, ನಡುನಡುವೆ ತವಾ ಒರೆಸಿ, ಅರ್ಧ ನಿಮಿಷ ಕಾಯಿಸಿ, ಮೈದಾ ಚಿಟಿಕೆ ಉದುರಿಸಿ ನೋಡಿ. ತವಾ ಜಾಸ್ತಿ ಕಾದಿದೆ ಅಂತ ತಣ್ಣೀರು ಸುರಿಯಬೇಡಿ, ಬೀಡಿನದ್ದಾದರೆ ಬಿರುಕು ಬಿಡಬಹುದು.

ಒವನ್: ದೀಪ ಹೇಳುವುದು ಅರ್ಧ ಸತ್ಯ

ನಮ್ಮ ಮನೆಗಳ ಓಟಿಜಿಗಳಲ್ಲಿ ಹೆಚ್ಚಿನವು 230 ಅಥವಾ 250 ಡಿಗ್ರಿಗೆ ನಿಲ್ಲುತ್ತವೆ. ಅಮೆರಿಕದಲ್ಲಿರುವವರ ಒವನ್ 550 ಫ್ಯಾರನ್‌ಹೀಟ್ ತನಕ ಹೋಗಬಹುದು, ಅಂದರೆ ಸುಮಾರು 288 ಡಿಗ್ರಿ. ಎರಡೂ ತಂದೂರಿಗೆ ಸಮವಲ್ಲ. ಆದರೂ ಒಳಗೆ ಭಾರದ ಕಬ್ಬಿಣ ಒಂದನ್ನು ಚೆನ್ನಾಗಿ ಕಾಯಿಸಿಟ್ಟರೆ ನಾನ್ ಮೂರು ನಿಮಿಷದೊಳಗೆ ಮುಗಿಯುತ್ತದೆ.

ಇದಕ್ಕೆ ದಪ್ಪ ಬೀಡಿನ ಕಾವಲಿಯೇ ಸೂಕ್ತ, ಪ್ಲಾಸ್ಟಿಕ್ ಅಥವಾ ಮರದ ಹಿಡಿ ಇರಬಾರದು. ಬೋರಲು ಹಾಕಿಟ್ಟರೆ ಅಂಚಿನ ಅಡ್ಡಿಯಿಲ್ಲದೆ ನಾನ್ ಜಾರಿಸಬಹುದು. ಪಿಜ್ಜಾ ಕಲ್ಲು ಇದ್ದರೆ ಅದೂ ಆಗುತ್ತದೆ. ಮನೆ ಕಟ್ಟುವಾಗ ಉಳಿದ ಗ್ರಾನೈಟ್, ಕಡಪ ಕಲ್ಲಿನ ತುಂಡು ಬಳಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಳಗೆ ತೇವ ಇದ್ದರೆ ಸಿಡಿಯಬಹುದು, ಮೇಲೆ ಪಾಲಿಶ್ ಮಾಡಿದ ಲೇಪವೂ ಇರುತ್ತದೆ. ಕಾವಲಿಯನ್ನು ಮೇಲಿನ ಕಾಯಿಲ್‌ನಿಂದ ಸುಮಾರು ಒಂದು ಗೇಣಿನ ಅರ್ಧದಷ್ಟು ಕೆಳಗೆ ಬರುವ ಹಂತದಲ್ಲಿಡಿ. ಮೇಲೆ ಕೆಳಗೆ ಎರಡೂ ಕಾಯಿಲ್ ಹಾಕಿ, ಗುಂಡಿಯನ್ನು ಕೊನೆಯ ತನಕ ತಿರುಗಿಸಿ.

ಹತ್ತು ಹನ್ನೆರಡು ನಿಮಿಷಕ್ಕೆ ದೀಪ ಆರುತ್ತದೆ. ಅಲ್ಲಿಗೇ ಮೋಸ ಹೋಗಬೇಡಿ. ಒಳಗಿನ ಗಾಳಿ ಕಾದಿದೆ ಅಂತಷ್ಟೇ ದೀಪ ಹೇಳಿದ್ದು. ಕಬ್ಬಿಣ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ನಲವತ್ತು ನಿಮಿಷ ಬಿಡಬೇಕು. ವಿದ್ಯುತ್ ಹೆಚ್ಚೆಂದರೆ ಒಂದು ಯೂನಿಟ್ ಆದೀತು. ಆಮೇಲೆ ಬಾಗಿಲು ತೆಗೆದು ಅದೇ ಮೈದಾ ಪರೀಕ್ಷೆ ಮಾಡಿ, ಬಾಗಿಲು ಮುಚ್ಚಿ ಗಾಜಿನಿಂದ ನೋಡಿ. ಒವನ್‌ನಲ್ಲಿ ಹದಿನೈದು ಇಪ್ಪತ್ತು ಎಣಿಸುವಷ್ಟರಲ್ಲಿ ಬಣ್ಣ ತಿರುಗಿದರೆ ಸಾಕು.

ಇನ್ನೊಂದು ಗುರುತು ಮೇಲಿನ ಕಾಯಿಲ್. ಅದು ಕೆಂಪಗೆ ಉರಿಯುತ್ತಿರುವಾಗಲೇ ನಾನ್ ಒಳಗೆ ಹೋಗಬೇಕು. ಥರ್ಮೋಸ್ಟಾಟ್ ಬಿಸಿ ಮುಟ್ಟಿದ ಕೂಡಲೇ ಕಾಯಿಲ್ ಆರಿಸುತ್ತದೆ, ತಣಿದ ಮೇಲೆ ಮತ್ತೆ ಹಚ್ಚುತ್ತದೆ. ಆರಿದ ಕಾಯಿಲ್‌ನಿಂದ ಇಳಿಯುವ ಕಾವು ತೀರಾ ಕಡಿಮೆ. ಅದರ ಅಡಿಯಲ್ಲಿ ಬೇಯುವ ನಾನ್‌ನ ಬೆನ್ನು ಕೆಂಪಾಗುತ್ತದೆ, ಮುಖ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಕಾಯಿಲ್ ಕಪ್ಪಗಿದ್ದರೆ ಬಾಗಿಲನ್ನು ಹತ್ತಿಪ್ಪತ್ತು ಸೆಕೆಂಡು ಅರ್ಧ ತೆಗೆದು ಹಿಡಿಯಿರಿ. ಗಾಳಿ ತಣಿದು ಥರ್ಮೋಸ್ಟಾಟ್ ಕಾಯಿಲ್ ಹಚ್ಚುತ್ತದೆ. ಕಬ್ಬಿಣ ಅಷ್ಟರಲ್ಲಿ ತಣಿಯುವುದಿಲ್ಲ. ಫ್ಯಾನ್ ಇರುವ ಒವನ್ ಆದರೆ ಫ್ಯಾನ್ ಆರಿಸಿ, ಅದು ನಾನ್‌ನ ಮುಖವನ್ನು ಬೇಗ ಒಣಗಿಸುತ್ತದೆ.

ಒವನ್ ನಾನ್‌ಗೆ ನೀರು ಬೇಕಾದದ್ದು ಮೇಲ್ಗಡೆ. ತವಾದಲ್ಲಿ ಮುಖ ಕೊನೆಯ ತನಕ ಹಸಿಯಾಗಿಯೇ ಇದ್ದು ಗುಳ್ಳೆಗೆ ದಾರಿ ಬಿಡುತ್ತದೆ. ಒವನ್‌ನ ಒಣ ಬಿಸಿಗೆ ಅದು ಮೊದಲೇ ಗಟ್ಟಿಯಾಗಿ ಉಬ್ಬುವುದನ್ನು ತಡೆಯುತ್ತದೆ. ಅದಕ್ಕೆ ಒದ್ದೆ ಕೈಯನ್ನು ಮುಖದ ಮೇಲೆ ಒಮ್ಮೆ ಆಡಿಸಿ, ಮೈದಾ ಉದುರಿಸಿದ ತೆಳು ಹಲಗೆಯಿಂದ ಕಾವಲಿಗೆ ಜಾರಿಸಿ. ಅರ್ಧ ನಿಮಿಷಕ್ಕೆ ಉಬ್ಬಲು ಶುರುವಾಗುತ್ತದೆ, ಎರಡೂವರೆಯಿಂದ ಮೂರು ನಿಮಿಷಕ್ಕೆ ಗುಳ್ಳೆಗಳ ನೆತ್ತಿ ಕಂದಾಗುತ್ತದೆ. ಮೂರು ನಿಮಿಷಕ್ಕೂ ಬಣ್ಣ ಬರದಿದ್ದರೆ ಇನ್ನೂ ಬರಲಿ ಅಂತ ಕಾಯಬೇಡಿ. ಹೊರಗೆ ತೆಗೆದು ಚಿಮಟಿಗೆಯಲ್ಲಿ ಹಿಡಿದು ಗ್ಯಾಸ್ ಉರಿಗೆ ಹತ್ತು ಸೆಕೆಂಡು ತೋರಿಸಿ. ಐದು ನಿಮಿಷ ಕೂರಿಸಿದ ನಾನ್ ತಟ್ಟೆಗೆ ಬಂದು ಎರಡು ನಿಮಿಷಕ್ಕೆ ಹಪ್ಪಳವಾಗುತ್ತದೆ.

ಇನ್ನು ಅಂಗಳದಲ್ಲಿಟ್ಟು ಬಳಸುವ ಗ್ಯಾಸ್ ಪಿಜ್ಜಾ ಒವನ್‌ಗಳು. ಇವುಗಳ ತೊಂದರೆ ಉಲ್ಟಾ, ಬಿಸಿ ಜಾಸ್ತಿ. ನೇಪಲ್ಸ್ ಪಿಜ್ಜಾಕ್ಕೆ ಒವನ್‌ನ ನೆಲ 400 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಆ ನೆಲದ ಮೇಲೆ ಮೊಸರು ಸಕ್ಕರೆ ಹಾಕಿದ ನಾನ್ ಇಟ್ಟರೆ ಅರ್ಧ ನಿಮಿಷಕ್ಕೆ ಬೆನ್ನು ಕಪ್ಪು. ನಾನ್‌ಗೆ ನೆಲ 300ರ ಸುತ್ತಮುತ್ತ ಸಾಕು. ಪೂರ್ತಿ ಕಾಯಿಸಿ, ಉರಿ ತಗ್ಗಿಸಿ, ಮೈದಾ ಚಿಟಿಕೆ ಬಿದ್ದ ಕೂಡಲೇ ಕಪ್ಪಾಗದೆ ಐದಾರು ಎಣಿಸುವಷ್ಟು ತಡೆಯುವ ತನಕ ಕಾಯಿರಿ. ಉರಿ ಒಂದೇ ಬದಿಯಲ್ಲಿರುವುದರಿಂದ ಇಪ್ಪತ್ತು ಸೆಕೆಂಡಿಗೊಮ್ಮೆ ನಾನ್ ತಿರುಗಿಸುತ್ತಿರಬೇಕು. ಒಂದೂವರೆ ನಿಮಿಷದೊಳಗೆ ಆಗುತ್ತದೆ, ತಂದೂರಿಗೆ ತೀರಾ ಹತ್ತಿರದ ನಾನ್ ಬರುವುದು ಇದರಲ್ಲೇ.

ಕುಲ್ಚಾ ಕಥೆ ಬೇರೆ

ಕುಲ್ಚಾ ಅಂದರೆ ಒಂದೇ ತಿಂಡಿಯಲ್ಲ. ದಿಲ್ಲಿಯ ಗಾಡಿಗಳಲ್ಲಿ ಬಟಾಣಿ ಜೊತೆ ಕೊಡುವ ಮಟರ್ ಕುಲ್ಚಾ ಬನ್ನಿನಂತೆ ಮೆತ್ತಗಿರುತ್ತದೆ. ಅದನ್ನು ತವಾದಲ್ಲಿ ಬೆಣ್ಣೆ ಸವರಿ ಬಿಸಿ ಮಾಡಿದರೆ ಮುಗಿಯಿತು. ಅಮೃತಸರದ ಕುಲ್ಚಾ ಮಾತ್ರ ತಂದೂರಿನದ್ದು. ಹಿಟ್ಟಿಗೆ ತುಪ್ಪ ಸವರಿ, ಮಡಿಸಿ ಪದರ ಮಾಡಿ, ಒಳಗೆ ಆಲೂಗಡ್ಡೆ ಹೂರಣ ತುಂಬಿರುತ್ತಾರೆ. ಮುರಿದರೆ ಪದರ ಪದರವಾಗಿ ಗರಿಗರಿ ಉದುರಬೇಕು. ನಾನು ಇಲ್ಲಿ ಹೇಳುತ್ತಿರುವುದು ಇದರ ಬಗ್ಗೆ.

ನಾನ್‌ಗೆ ಹೇಳಿದ ಲೆಕ್ಕ ಇಲ್ಲಿ ತಿರುವುಮುರುವಾಗುತ್ತದೆ. ಹೂರಣ ತುಂಬಿದ ಕುಲ್ಚಾ ನಾನ್‌ನ ಎರಡರಷ್ಟು ದಪ್ಪ. ತವಾದ ಬಿಸಿ ಒಂದೇ ಕಡೆಯಿಂದ ಹೂರಣ ದಾಟಿ ಮೇಲಿನ ಹಿಟ್ಟಿಗೆ ತಲುಪುವಷ್ಟರಲ್ಲಿ ಬೆನ್ನು ಕರಟಿರುತ್ತದೆ. ಭಾರಕ್ಕೆ ಅಂಟು ಬಿಟ್ಟು ಬೀಳುವ ಭಯ ಬೇರೆ. ಜೊತೆಗೆ ಇಲ್ಲಿ ಹೊತ್ತು ಜಾಸ್ತಿಯಾದರೆ ನಷ್ಟವೂ ಇಲ್ಲ. ಪದರಗಳ ನಡುವಿನ ತುಪ್ಪ ಮತ್ತು ಹೂರಣದ ತೇವ ಒಣಗದಂತೆ ಕಾಯುತ್ತವೆ, ಮೇಲಿನ ಪದರ ಗರಿಯಾಗಬೇಕಾದರೆ ನಿಧಾನವಾಗಿ ಆರಲೇಬೇಕು. ಮನೆಯ ಓಟಿಜಿಯ ದೌರ್ಬಲ್ಯವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

250 ಡಿಗ್ರಿಯಲ್ಲಿ ಅದೇ ಕಾದ ಕಾವಲಿಯ ಮೇಲೆ ಐದರಿಂದ ಏಳು ನಿಮಿಷ ಬೇಕಾಗುತ್ತದೆ. ಮೂರು ನಿಮಿಷದ ಹೊತ್ತಿಗೆ ಮೇಲ್ಮೈಯ ತುಪ್ಪ ಸಣ್ಣಗೆ ಗುಳ್ಳೆಯಾಡುವುದು ಗಾಜಿನಿಂದಲೇ ಕಾಣುತ್ತದೆ. ಅದು ನಿಂತು ಅಂಚಿನ ಪದರಗಳು ಬಿಡಿಬಿಡಿಯಾಗಿ ಎದ್ದು ಕಾಣತೊಡಗಿದರೆ ಬೆಂದ ಹಾಗೆ. ಬೆರಳಿನಿಂದ ತಟ್ಟಿದರೆ ಟಪ್ ಅಂತ ಒಣ ಸದ್ದು ಬರಬೇಕು. ಮೆತ್ತಗೆ ತಗ್ಗಿದರೆ ಇನ್ನೊಂದು ನಿಮಿಷ ಇಡಿ.

ಹೂರಣ ತಣ್ಣಗೆ, ಒಣಗಿರಬೇಕು. ಬೇಯಿಸಿದ ಆಲೂಗಡ್ಡೆಯನ್ನು ಪುಡಿ ಮಾಡಿ ಬಾಣಲೆಯಲ್ಲಿ ಎರಡು ನಿಮಿಷ ಆಡಿಸಿದರೆ ನೀರಾರುತ್ತದೆ. ಈರುಳ್ಳಿ ಹೆಚ್ಚಿ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದೆ, ಹಿಂಡಿ ಹಾಕಿ. ಹೂರಣದಲ್ಲಿ ನೀರುಳಿದರೆ ಆವಿ ಒಂದೇ ಜಾಗದಲ್ಲಿ ಒತ್ತಿ ಕುಲ್ಚಾ ಒಡೆಯುತ್ತದೆ, ಒಳಪದರ ಅಂಟಂಟಾಗಿ ಹಸಿ ಉಳಿಯುತ್ತದೆ.

ಒವನ್ ಇಲ್ಲದವರು ಕುಲ್ಚಾವನ್ನು ತವಾದಲ್ಲಿ ಮಾಡಬಾರದು ಅಂತೇನಿಲ್ಲ. ನೀರು ಹಚ್ಚಿ ಅಂಟಿಸುವ ಕ್ರಮ ಬಿಟ್ಟು, ಪರೋಟದ ಹಾಗೆ ತುಪ್ಪ ಹಾಕಿ, ನಾನ್‌ಗಿಂತ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಎರಡೂ ಬದಿ ಬೇಯಿಸಿ. ನೀರಿನ ಹನಿ ಓಡದೆ ಬಿದ್ದಲ್ಲೇ ಜೋರಾಗಿ ಕುದಿದು ಆರುವಷ್ಟು ಬಿಸಿ ಇದಕ್ಕೆ ಸಾಕು. ರುಚಿ ಚೆನ್ನಾಗಿರುತ್ತದೆ, ಆದರೆ ಅದು ಪರೋಟಕ್ಕೇ ಹತ್ತಿರ.

ಇಂಡಕ್ಷನ್ ಒಲೆ ಇದ್ದವರಿಗೆ

ಇಂಡಕ್ಷನ್, ಗಾಜಿನ ಮೈಯ ವಿದ್ಯುತ್ ಒಲೆಗಳಲ್ಲಿ ತವಾ ಮಗುಚಿ ಪ್ರಯೋಜನವಿಲ್ಲ, ತೋರಿಸಲು ಉರಿಯೇ ಇಲ್ಲ. ಇವರು ಎರಡೂ ವಿಧಾನ ಜೋಡಿಸಿಕೊಳ್ಳಬೇಕು. ಗ್ಯಾಸ್ ಇರುವವರಿಗೂ, ಮಗುಚುವ ಧೈರ್ಯ ಇಲ್ಲದಿದ್ದರೆ, ಇದೇ ಒಳ್ಳೆಯದು.

ಒವನ್‌ನಲ್ಲಿ ಮೇಲಿನ ಕಾಯಿಲ್ ಮಾತ್ರ ಹಚ್ಚಿ ಹದಿನೈದು ನಿಮಿಷ ಕಾಯಿಸಿ. ಅಷ್ಟರಲ್ಲಿ ಒಲೆಯ ಮೇಲೆ ಬೀಡಿನ ಕಾವಲಿಯನ್ನು ಮೈದಾ ಹದಕ್ಕೆ ತನ್ನಿ. ಇಂಡಕ್ಷನ್ ನಡುವಿನಲ್ಲಿ ಮಾತ್ರ ಬೇಗ ಕಾಯಿಸುವುದರಿಂದ ಮಧ್ಯಮದಲ್ಲಿಟ್ಟು ಏಳೆಂಟು ನಿಮಿಷ ಬಿಡಿ, ಮೈದಾವನ್ನು ನಡುವೆ ಒಂದು ಕಡೆ, ಅಂಚಿನಲ್ಲಿ ಒಂದು ಕಡೆ ಉದುರಿಸಿ ನೋಡಿ. ನೀರು ಹಚ್ಚಿದ ನಾನ್ ಹಾಕಿ, ಗುಳ್ಳೆ ಎದ್ದು ಹೊಳಪು ಮಾಸತೊಡಗಿದಾಗ ಕಾವಲಿ ಸಮೇತ ಕೆಂಪು ಕಾಯಿಲ್‌ನ ಅಡಿಗೆ ತಳ್ಳಿ. ನಾಲ್ಕು ಬೆರಳಗಲ ಅಂತರ ಇದ್ದರೆ ಒಂದು ನಿಮಿಷಕ್ಕೆ ಚುಕ್ಕೆ ಬೀಳುತ್ತದೆ. ದಪ್ಪ ಕೈಗವಸು ಬೇಕು, ಮಸಿಬಟ್ಟೆ ಸಾಲದು. ಕಾಯಿಲ್‌ಗೆ ಹತ್ತಿರ ಇರುವ ಗುಳ್ಳೆ ಕೆಂಪಿನಿಂದ ಕಪ್ಪಿಗೆ ತಿರುಗಲು ಹತ್ತು ಸೆಕೆಂಡು ಸಾಕು, ಗಾಜಿನ ಮುಂದಿನಿಂದ ಕದಲಬೇಡಿ.

ಯಾವ ವಿಧಾನದಲ್ಲಿ ಮಾಡಿದರೂ ತೆಗೆದ ನಾನ್‌ಗೆ ಕೂಡಲೇ ಬೆಣ್ಣೆ ಸವರಿ, ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು ಮುಚ್ಚಿ. ಅದರದ್ದೇ ಹಬೆಗೆ ಮೇಲಿನ ಗರಿ ಮೆತ್ತಗಾಗುತ್ತದೆ. ಕುಲ್ಚಾವನ್ನು ಹೀಗೆ ಮುಚ್ಚಬೇಡಿ, ಗರಿ ಹೋಗುತ್ತದೆ. ತಂತಿ ಜಾಲರಿಯ ಮೇಲಿಟ್ಟು ಬಿಸಿಯಿರುವಾಗಲೇ ಬಡಿಸಿ. ಉಳಿದ ನಾನ್ ಮರುದಿನ ಬಿರುಸಾಗಿದ್ದರೆ ಎರಡೂ ಬದಿಗೆ ನೀರು ಚಿಮುಕಿಸಿ, ಸಣ್ಣ ಉರಿಯ ತವಾದಲ್ಲಿ ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಸಿ ಮಾಡಿ. ಇದಕ್ಕೆ ಹನಿ ಬಿದ್ದಲ್ಲೇ ಚುರ್ ಅನ್ನುವಷ್ಟು ಬಿಸಿ ಸಾಕು.